ಟೊಮೆಟೊ ಬುಡ ಕಪ್ಪಾದಾಗ ಮೊಟ್ಟೆ ಚಿಪ್ಪು ಏಕೆ ಕೈಕೊಟ್ಟಿತು

ಏಪ್ರಿಲ್ ಬಿಸಿಲಿನಲ್ಲಿ, ಬದಿಯಡ್ಕದ ನಮ್ಮ ಟೆರೇಸಿನ ಗ್ರೋಬ್ಯಾಗಿನಲ್ಲಿ ನಾಲ್ಕು ಟೊಮೆಟೊ ಕಾಯಿಗಳ ಬುಡ ಕಪ್ಪಾಗಿ, ಚರ್ಮದಂತೆ ಗಟ್ಟಿಯಾಗಿ ಒಳಕ್ಕೆ ಕುಸಿಯಿತು. ಇದು ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೋದ ಲಕ್ಷಣ. ಆದರೆ ನಾನು ಗಿಡ ನೆಡುವಾಗಲೇ ಒಂದು ಹಿಡಿ ಮೊಟ್ಟೆ ಚಿಪ್ಪು ಹಾಕಿದ್ದೆ. ಇಲ್ಲಿಯೇ ನನಗೆ ತಲೆ ಕೆಟ್ಟದ್ದು.

ಗಿಡದ ಬುಡ ಕೆದಕಿದಾಗ ಎರಡು ತಿಂಗಳ ಹಿಂದಿನ ಚೂರುಗಳು ಹಾಕಿದ ಹಾಗೆಯೇ ಸಿಕ್ಕಿದವು. ಚಿಪ್ಪಿನಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನದೇ ಜಾತಿ. ಅದು ಬರೀ ನೀರಿಗೆ ಕರಗುವುದಿಲ್ಲ, ಹುಳಿ ಬೇಕು. ನಮ್ಮ ಮುರಕಲ್ಲಿನ ಮಣ್ಣು ಹುಳಿಯೇ, ಆದರೂ ದೊಡ್ಡ ಚೂರಿನ ಮೇಲ್ಮೈ ಮಾತ್ರ ಮಣ್ಣಿಗೆ ತಾಗುತ್ತದೆ. ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ಟಾಲ್ಕಮ್ ಪೌಡರಿನಷ್ಟು ನುಣ್ಣಗೆ ಮಾಡಿದರೆ ಕೆಲಸ ಶುರುವಾಗುತ್ತದೆ, ಅದೂ ನಿಧಾನಕ್ಕೆ. ಅಡಿಕೆ ಬುಡಕ್ಕೆ ಸುಣ್ಣ ಹಾಕುತ್ತೇವಲ್ಲ, ಅದೇ ಲೆಕ್ಕ. ಮುಂದಿನ ಬೆಳೆಗೆ ಮಣ್ಣು ಹದ ಮಾಡುವಾಗಲೇ ಬೆರೆಸಬೇಕು, ಕಾಯಿ ಕಪ್ಪಾದ ಮೇಲೆ ಅಲ್ಲ. ವಿನೆಗರಿನ ಒಂದು ಚಮಚಕ್ಕೆ ಚಿಟಿಕೆ ಪುಡಿ ಹಾಕಿ ನೋಡಿ: ನುಣ್ಣಗಿದ್ದರೆ ತಕ್ಷಣ ನೊರೆ ಉಕ್ಕುತ್ತದೆ, ದೊಡ್ಡ ಚೂರಿನ ಮೇಲೆ ಗುಳ್ಳೆಗಳಷ್ಟೇ ಕೂರುತ್ತವೆ.

ಇಷ್ಟಾದರೂ ನನ್ನ ಗಿಡದ ನಿಜವಾದ ಕಾರಣ ಇದಲ್ಲ. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಗೇ ಮೇಲೇರುತ್ತದೆ. ಎಲೆ ಹೆಚ್ಚು ಬೆವರುವುದರಿಂದ ನೀರು ಅತ್ತ ಓಡುತ್ತದೆ, ಅಷ್ಟಾಗಿ ಬೆವರದ ಕಾಯಿಗೆ ಉಳಿದದ್ದಷ್ಟೇ. ಒಮ್ಮೆ ಗಿಡದ ಬುಡ ಒಣಗಿ, ಮತ್ತೊಮ್ಮೆ ನೀರು ತುಂಬಿದರೆ ಕಾಯಿಗೆ ಪೂರೈಕೆ ಕಡಿಯುತ್ತದೆ, ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ.

ಬುಡ ಒಣಗಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಕಾಫಿ ಚರಟ. ಫಿಲ್ಟರಿನ ಚರಟವನ್ನು ದಿನಾ ಅಲ್ಲೇ ಸುರಿದಿದ್ದೆ. ಅದು ಒಣಗಿ ಬೆರಳು ದಪ್ಪದ ಹೆಪ್ಪಾಗಿತ್ತು. ಹೊಯ್ದ ನೀರು ಅದರ ಮೇಲೆ ಜಾರಿ ಗ್ರೋಬ್ಯಾಗಿನ ಅಂಚಿನಿಂದ ಇಳಿದು ಹೋಗುತ್ತಿತ್ತು. ಬೆರಳು ಚುಚ್ಚಿದರೆ ಕೆಳಗೆ ಧೂಳು. ಚರಟದಲ್ಲಿ ಸಾರಜನಕ ಇದೆ ಎಂಬುದು ನಿಜ. ಆದರೆ ಹಸಿಯಾಗಿ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಮೊದಲು ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರದ ಗುಂಡಿಗೆ ಐದನೇ ಒಂದು ಪಾಲು ಮೀರದಂತೆ ಹಾಕಿ.

ಅಡುಗೆಮನೆಯ ಇನ್ನೊಂದು ಗೊಬ್ಬರ ಬಾಳೆ ಸಿಪ್ಪೆಯ ನೀರು: ಅದರಲ್ಲಿ ಮುಖ್ಯವಾಗಿ ಪೊಟ್ಯಾಷ್, ಅದೂ ಸ್ವಲ್ಪ. ಒಂದು ದಿನ ನೆನೆಸಿ, ಸೋಸಿ, ಅಂದೇ ಹೊಯ್ಯಿರಿ. ಹುಳಿ ವಾಸನೆ ಬಂದರೆ ಗುಂಡಿಗೆ ಹಾಕಿ, ಗ್ರೋಬ್ಯಾಗಿಗೆ ಹೊಯ್ದರೆ ಸಣ್ಣ ನೊಣ ಕೂರುತ್ತದೆ. ಪೊಟ್ಯಾಷ್ ಅತಿಯಾದರೆ ಬೇರು ಕ್ಯಾಲ್ಸಿಯಂ ಹೀರುವುದೂ ಕಡಿಮೆಯಾಗುತ್ತದೆ, ಆದ್ದರಿಂದ ಟೊಮೆಟೊಗೆ ದಿನಾ ಬೇಡ.

ಹೆಪ್ಪು ತೆಗೆದು, ಒಣ ಮಾವಿನೆಲೆ ಹಾಸಿ, ದಿನಾ ಬೆಳಗ್ಗೆ ತಳದಿಂದ ನೀರು ಸೋರುವವರೆಗೆ ಹೊಯ್ದೆ. ಕಪ್ಪಾದ ನಾಲ್ಕೂ ಕಾಯಿ ಸರಿಯಾಗಲಿಲ್ಲ, ಕಿತ್ತೆಸೆದೆ. ಆಮೇಲೆ ಕಚ್ಚಿದ ಗೊಂಚಲಿನಲ್ಲಿ ಕಾಯಿಗಳ ಬುಡ ಹಸಿರಾಗಿಯೇ ಬಂತು.