ಓದುಗರ ಪ್ರಶ್ನೆ: ‘ರಿಫಾಂಪಿಸಿನ್ ಇನ್‌ಡಿಟರ್ಮಿನೇಟ್’ ಅಂದರೆ ಅರ್ಧ ರೆಸಿಸ್ಟೆನ್ಸ್ ಇದೆ ಎಂದೇ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಅದೇ ತಪ್ಪು ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ, ಕಫದಲ್ಲಿ ಕ್ಷಯ ಇದೆಯೇ, ಅದರ ಮುಖ್ಯ ಔಷಧಿ ರಿಫಾಂಪಿಸಿನ್ ಅದಕ್ಕೆ ನಾಟುತ್ತದೆಯೇ ಎಂದು ಒಟ್ಟಿಗೇ ನೋಡುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಈ ಮಾತನ್ನು ಯಾವಾಗ ಹೇಳುತ್ತದೆ ಎಂಬುದನ್ನೇ ಬಿಡಿಸಿಡುತ್ತೇನೆ.

ಮೊದಲು ಕೆಲಸದ ಕ್ರಮ. ಕಫ ಎಷ್ಟಿದೆಯೋ ಅದರ ಎರಡರಷ್ಟು ಸ್ಯಾಂಪಲ್ ರೀಏಜೆಂಟ್ ಹಾಕಿ, ಮುಚ್ಚಳ ಬಿಗಿದು, ಹತ್ತಿಪ್ಪತ್ತು ಸಲ ಜೋರಾಗಿ ಕುಲುಕಬೇಕು. ಒಟ್ಟು 15 ನಿಮಿಷ ಬಿಡಬೇಕು, ನಡುವೆ ಇನ್ನೊಮ್ಮೆ ಕುಲುಕಬೇಕು. ಕಫ ಗಂಟಿಲ್ಲದೆ ತೆಳ್ಳಗಾದ ಮೇಲೆ ಪಿಪೆಟ್‌ನ ಗೆರೆಯವರೆಗೆ, ಅಂದರೆ 2 ಮಿ.ಲೀ., ಎಳೆದು ಕಾರ್ಟ್ರಿಡ್ಜ್‌ಗೆ ನಿಧಾನವಾಗಿ ಬಿಡಬೇಕು. ಉಳಿದದ್ದು ಯಂತ್ರದ ಕೆಲಸ. ಹಳೆಯ ಕಾರ್ಟ್ರಿಡ್ಜ್‌ಗೆ ಎರಡು ಗಂಟೆಗೆ ತುಸು ಕಡಿಮೆ ಸಮಯ ಹಿಡಿಯುತ್ತದೆ, ಅಲ್ಟ್ರಾ ಎಂಬ ಹೊಸ ಕಾರ್ಟ್ರಿಡ್ಜ್‌ಗೆ ಇನ್ನೂ ಕಡಿಮೆ.

ಒಳಗೆ ನಡೆಯುವುದು ಹೀಗೆ. ರಿಫಾಂಪಿಸಿನ್ ನಾಟದಂತೆ ಮಾಡುವ ಬದಲಾವಣೆಗಳಲ್ಲಿ ಬಹುಪಾಲು rpoB ಜೀನ್‌ನ 81 ಅಕ್ಷರಗಳ ತುಣುಕೊಂದರಲ್ಲೇ ಇರುತ್ತವೆ. ಯಂತ್ರ ಆ ತುಣುಕನ್ನು ಸೈಕಲ್ ಸೈಕಲ್ ಆಗಿ ಪ್ರತಿ ಮಾಡುತ್ತಾ ಹೋಗುತ್ತದೆ. ಹಳೆಯ ಕಾರ್ಟ್ರಿಡ್ಜ್ ಅದನ್ನು A ಇಂದ E ವರೆಗೆ ಐದು ಪ್ರೋಬ್‌ಗಳಿಂದ, ಅಂದರೆ ಜೀನ್‌ಗೆ ಅಂಟಿದಾಗ ಬೆಳಗುವ ತುಣುಕುಗಳಿಂದ, ಮುಚ್ಚುತ್ತದೆ. ಎಲ್ಲವೂ ಮಾಮೂಲಿನ ಜೀನ್‌ಗೆ ಮಾತ್ರ ಸರಿಯಾಗಿ ಅಂಟುತ್ತವೆ. ಬದಲಾವಣೆ ಇದ್ದ ಕಡೆ ಆ ಜಾಗದ ಪ್ರೋಬ್ ತಡವಾಗಿ ಬೆಳಗುತ್ತದೆ, ಇಲ್ಲವೇ ಬೆಳಗುವುದೇ ಇಲ್ಲ. ಮೊದಲು ಬೆಳಗಿದ್ದಕ್ಕೂ ಕೊನೆಯದಕ್ಕೂ 4 ಸೈಕಲ್‌ಗಿಂತ ಹೆಚ್ಚು ಅಂತರ ಬಂದರೆ ರೆಸಿಸ್ಟೆನ್ಸ್ ಎಂಬ ತೀರ್ಪು.

ಈಗ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಅಂಕಿಯೂ ಆ ಪ್ರೋಬ್ ಎಷ್ಟನೆಯ ಸೈಕಲ್‌ಗೆ ಬೆಳಗಿತು ಎಂಬುದು, 0 ಎಂದರೆ ಬೆಳಗಲೇ ಇಲ್ಲ.

```
      A     B     C     D     E
1   18.2  18.9  18.4  18.6   0
2   33.0  33.6  33.2   0    34.5
```

ಒಂದನೆಯದರಲ್ಲಿ ಮೊದಲ ಪ್ರೋಬ್ 18ರ ಹತ್ತಿರವೇ ಬೆಳಗಿದೆ, ಅಂದರೆ ಬ್ಯಾಕ್ಟೀರಿಯಾ ಸಾಕಷ್ಟಿವೆ. E ಮಾತ್ರ ಕಡೆಯವರೆಗೂ ಬೆಳಗಲಿಲ್ಲ. ಕಾಯಲು ಸಮಯ ಧಾರಾಳವಾಗಿತ್ತು, ಆದರೂ ಬರಲಿಲ್ಲ. ಇದು ರೆಸಿಸ್ಟೆನ್ಸ್.

ಎರಡನೆಯದರಲ್ಲಿ ಮೊದಲ ಪ್ರೋಬ್ ಬೆಳಗಿದ್ದೇ 33ಕ್ಕೆ. D ನಿಜವಾಗಿ ತಪ್ಪಿಸಿಕೊಂಡಿದೆ ಎನ್ನಲು 33ಕ್ಕೆ 4 ಸೇರಿಸಿ 37ರವರೆಗೆ ಕಾಯಬೇಕು. ಆದರೆ D ಮತ್ತು E ಪ್ರೋಬ್‌ಗಳನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು 36ರವರೆಗೆ ಮಾತ್ರ (A, B, C ಗೆ 39). ಇನ್ನೊಂದು ಸೈಕಲ್‌ನಲ್ಲಿ D ಬರುತ್ತಿತ್ತೋ, ಬರುತ್ತಲೇ ಇರಲಿಲ್ಲವೋ ಹೇಳಲು ದಾರಿಯಿಲ್ಲ. ಹಾಗಾಗಿ ಪರದೆಯ ಮೇಲೆ `MTB DETECTED VERY LOW; Rif Resistance INDETERMINATE` ಎಂದು ಬರುತ್ತದೆ.

ಇದರಲ್ಲಿ ‘ಸ್ವಲ್ಪ ರೆಸಿಸ್ಟೆನ್ಸ್’ ಎಲ್ಲಿದೆ? ಎಲ್ಲೂ ಇಲ್ಲ. ಇನ್‌ಡಿಟರ್ಮಿನೇಟ್ ಎಂಬುದು ಹೌದು ಮತ್ತು ಇಲ್ಲಗಳ ನಡುವಿನ ಮೆಟ್ಟಿಲಲ್ಲ. ಆ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಸಾಮಾನ್ಯ ಕಾರಣ, ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇರುವುದು. ಇದೊಂದನ್ನೇ ನೋಡಿ ರೆಸಿಸ್ಟೆಂಟ್ ಕ್ಷಯದ ಔಷಧಿ ಶುರುಮಾಡಬಾರದು. ಹಾಗೆಯೇ ‘ಟೆಸ್ಟ್ ಕೆಟ್ಟಿದೆ, ಕ್ಷಯವೇ ಇರಲಿಕ್ಕಿಲ್ಲ’ ಎನ್ನುವುದೂ ಅಷ್ಟೇ ತಪ್ಪು. ಉತ್ತರದ ಮೊದಲಲ್ಲಿರುವ `MTB DETECTED`, ಅಂದರೆ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿದೆ ಎಂಬ ಮಾತು, ಗಟ್ಟಿಯಾಗಿ ನಿಂತಿದೆ. ಟೆಸ್ಟ್ ಕೆಟ್ಟಿದ್ದರೆ `INVALID`, `ERROR` ಅಥವಾ `NO RESULT` ಬರುತ್ತದೆ, ಅವುಗಳ ದಾರಿಯೇ ಬೇರೆ.

ಮಾಡಬೇಕಾದ್ದು ಇಷ್ಟು: ಹೊಸ ಕಫ ಕೇಳಿ, ಇನ್ನೊಮ್ಮೆ ಓಡಿಸಿ. ಉಗುಳು ಬೇಡ, ಆಳವಾಗಿ ಕೆಮ್ಮಿ ತೆಗೆದ ಕಫ ಬೇಕು, ಕನಿಷ್ಠ 1 ಮಿ.ಲೀ. ಕಫ ಮಂದವಾಗಿದೆ ಎಂದು ಕೆಲವರು ರೀಏಜೆಂಟನ್ನು ಮೂರು ನಾಲ್ಕು ಪಟ್ಟು ಸುರಿಯುತ್ತಾರೆ. ಇದ್ದ ಕೆಲವೇ ಬ್ಯಾಕ್ಟೀರಿಯಾ ಇನ್ನಷ್ಟು ತೆಳುವಾಗಿ ಹರಡಿ, ಎರಡನೆಯ ಸಲವೂ ಅದೇ ಉತ್ತರ ಬರಬಹುದು. ಮಂದವಿದ್ದರೆ ಇನ್ನೂ ಚೆನ್ನಾಗಿ ಕುಲುಕಿ. ಮತ್ತೆ ಇನ್‌ಡಿಟರ್ಮಿನೇಟ್ ಬಂದರೆ ಕಲ್ಚರ್‌ಗೂ ಔಷಧ ಸಂವೇದನೆಯ ಪರೀಕ್ಷೆಗೂ ಕಳಿಸಬೇಕು. ಅದಕ್ಕೆ ವಾರಗಳು ಬೇಕು, ಕ್ಷಯದ ಚಿಕಿತ್ಸೆ ಅಷ್ಟು ದಿನ ಕಾಯಬಾರದು. ಸಾಮಾನ್ಯವಾಗಿ ಮೊದಲ ಹಂತದ ಔಷಧಿಯೇ ಶುರುವಾಗುತ್ತದೆ. ರೋಗಿ ಹಿಂದೆ ಕ್ಷಯಕ್ಕೆ ಔಷಧಿ ತೆಗೆದುಕೊಂಡಿದ್ದರೆ, ಮನೆಯಲ್ಲಿ ರೆಸಿಸ್ಟೆಂಟ್ ಕ್ಷಯದವರಿದ್ದರೆ ವೈದ್ಯರು ಬೇರೆಯಾಗಿ ಯೋಚಿಸುತ್ತಾರೆ. ಆ ಅನುಮಾನಕ್ಕೆ ಆಧಾರ ರೋಗಿಯ ಹಿನ್ನೆಲೆ, ‘ಇನ್‌ಡಿಟರ್ಮಿನೇಟ್’ ಎಂಬ ಪದವಲ್ಲ.

ಅಲ್ಟ್ರಾದಲ್ಲಿ `MTB TRACE DETECTED` ಬಂದರೆ ರಿಫಾಂಪಿಸಿನ್ ಯಾವಾಗಲೂ ಇನ್‌ಡಿಟರ್ಮಿನೇಟೇ. ಕ್ಷಯವನ್ನು ಪತ್ತೆ ಮಾಡಲು ಅಲ್ಟ್ರಾ IS6110, IS1081 ಎಂಬ ತುಣುಕುಗಳನ್ನೂ ಹುಡುಕುತ್ತದೆ, ಅವು ಒಂದೇ ಬ್ಯಾಕ್ಟೀರಿಯಾದಲ್ಲಿ ಹಲವು ಪ್ರತಿ ಇರುತ್ತವೆ. rpoB ಒಂದೇ ಪ್ರತಿ. ಟ್ರೇಸ್ ಎಂದರೆ ಅವು ಸಿಕ್ಕಿವೆ, rpoB ಸಿಕ್ಕಿಲ್ಲ ಎಂದರ್ಥ. ಓದಲು ಜೀನೇ ಸಿಗದಿದ್ದಾಗ ರೆಸಿಸ್ಟೆನ್ಸ್ ಹೇಳುವುದು ಹೇಗೆ?

ಯಾರೂ ಕೇಳದಿದ್ದರೂ ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಚಿಕಿತ್ಸೆ ಮುಗಿದವರಿಗೆ ‘ವಾಸಿಯಾಯಿತೇ ನೋಡೋಣ’ ಎಂದು ಈ ಟೆಸ್ಟ್ ಬರೆಯಬೇಡಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಇದು ಎಣಿಸುತ್ತದೆ, ಚಿಕಿತ್ಸೆ ಮುಗಿದ ಮೇಲೂ ಬಹುಕಾಲ ಟ್ರೇಸ್ ಬರಬಹುದು. ವಾಸಿಯಾಗಿದೆಯೇ ಎಂದು ನೋಡಲು ಸ್ಮಿಯರ್ ಮತ್ತು ಕಲ್ಚರ್ ಇವೆ.