ದೇವರ ವ್ಯಾಖ್ಯೆಯಿಂದಲೇ ದೇವರಿದ್ದಾನೆ ಎನ್ನಬಹುದೇ?

1078ರ ಸುಮಾರಿಗೆ ನಾರ್ಮಂಡಿಯ ಬೆಕ್ ಮಠದಲ್ಲಿದ್ದ ಆನ್ಸೆಲ್ಮ್ ಎಂಬ ಕ್ರೈಸ್ತ ಸನ್ಯಾಸಿ, ಯಾವ ಪವಾಡದ ಸಾಕ್ಷಿಯೂ ಇಲ್ಲದೆ, ಬರೀ ಯೋಚನೆಯಿಂದಲೇ ದೇವರಿದ್ದಾನೆ ಎಂದು ತೋರಿಸಲು ಹೊರಟರು. ಅವರ ವಾದ ಹೀಗಿದೆ: ದೇವರು ಅಂದರೆ ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲೂ ಆಗದೋ ಅದು. ಈ ಮಾತು ನಾಸ್ತಿಕನಿಗೂ ಅರ್ಥವಾಗುತ್ತದೆ. ಹಾಗಾಗಿ ಅದು ಅವನ ಮನಸ್ಸಿನಲ್ಲಂತೂ ಇದೆ. ಮನಸ್ಸಿನಲ್ಲಿ ಮಾತ್ರ ಇದೆ ಅಂದುಕೊಳ್ಳಿ. ಆಗ ಅದೇ ನಿಜವಾಗಿಯೂ ಇರುವುದಾಗಿ ಯೋಚಿಸಬಹುದು, ಅದು ಇನ್ನೂ ದೊಡ್ಡದು ಅಲ್ವಾ? ಆದರೆ ಅದಕ್ಕಿಂತ ದೊಡ್ಡದನ್ನು ಯೋಚಿಸಲಾಗದು ಅಂತ ಮೊದಲೇ ಹೇಳಿಬಿಟ್ಟಿದ್ದೇವೆ. ಆದ್ದರಿಂದ ದೇವರು ನಿಜವಾಗಿಯೂ ಇರಲೇಬೇಕು.

ಏನೋ ಸರಿಯಿಲ್ಲ ಅನ್ನಿಸುತ್ತದೆ, ಆದರೆ ತಪ್ಪು ಎಲ್ಲಿದೆ ಎಂದು ತೋರಿಸುವುದು ಕಷ್ಟ. ಹೆಚ್ಚು ಹೆಸರಾದ ಉತ್ತರ 1781ರಲ್ಲಿ ಜರ್ಮನ್ ತತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ಕೊಟ್ಟದ್ದು: ಇರುವಿಕೆ ಎನ್ನುವುದು ವಸ್ತುವಿನ ಗುಣವೇ ಅಲ್ಲ. ನಿಜವಾದ ನೂರು ಥಾಲರ್ ನಾಣ್ಯಗಳಲ್ಲಿ ಊಹೆಯ ನೂರಕ್ಕಿಂತ ಒಂದು ನಾಣ್ಯವೂ ಜಾಸ್ತಿ ಇರುವುದಿಲ್ಲ.

ಇದು ಎಷ್ಟು ಸರಿ ಎಂದು ನನಗೆ ಮನವರಿಕೆಯಾಗುವುದು ಖಗೋಳ ವಿಜ್ಞಾನದಲ್ಲಿ. ಯುರೇನಸ್ ಲೆಕ್ಕದ ಪ್ರಕಾರ ಚಲಿಸುತ್ತಿಲ್ಲ ಎಂದು ಕಂಡಾಗ, ಅದರಾಚೆ ಇನ್ನೊಂದು ಗ್ರಹ ಇರಬೇಕೆಂದು ಫ್ರಾನ್ಸಿನ ಖಗೋಳ ವಿಜ್ಞಾನಿ ಲೆ ವೆರಿಯೆ ಕಾಗದದ ಮೇಲೆಯೇ ಅದರ ಜಾಗ ಲೆಕ್ಕ ಹಾಕಿದರು. 1846ರಲ್ಲಿ ಬರ್ಲಿನ್‌ನಲ್ಲಿ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಬುಧನ ಲೆಕ್ಕವೂ ತಾಳೆಯಾಗದಿದ್ದಾಗ, 1859ರಲ್ಲಿ ಅವರು ಅದೇ ದಾರಿ ಹಿಡಿದರು: ಸೂರ್ಯನಿಗೂ ಬುಧನಿಗೂ ನಡುವೆ ಏನೋ ಇರಬೇಕು. ಆ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಿತ್ತು. ಆದರೆ ಅಲ್ಲಿ ಯಾವ ಗ್ರಹವೂ ಇರಲಿಲ್ಲ. ಬುಧನ ಆ ವ್ಯತ್ಯಾಸಕ್ಕೆ ಕಾರಣವನ್ನು 1915ರಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದಿಂದ ವಿವರಿಸಿದರು.

ಈಗ ನೋಡಿ, ವಲ್ಕನ್‌ನ ವರ್ಣನೆಯಲ್ಲಿ ‘ಇರುವಿಕೆ’ ಎಂಬ ಒಂದು ಗುಣ ಬಿಟ್ಟುಹೋಗಿತ್ತು ಅನ್ನಲಾಗದು. ‘ಇದು ನಿಜವಾಗಿ ಇರುವ ಗ್ರಹ’ ಎಂದು ಸೇರಿಸಿದ್ದರೂ ಆಕಾಶದಲ್ಲಿ ಏನೂ ಹುಟ್ಟುತ್ತಿರಲಿಲ್ಲ. 1884ರಲ್ಲಿ ಜರ್ಮನ್ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ ಇದನ್ನು ಇನ್ನೂ ಚೊಕ್ಕವಾಗಿ ಹೇಳಿದರು: ‘ಇದೆ’ ಅಂದರೆ ಆ ವರ್ಣನೆಗೆ ಹೊಂದುವವುಗಳ ಸಂಖ್ಯೆ ಸೊನ್ನೆಯಲ್ಲ ಎಂದಷ್ಟೇ. ಅದು ವಸ್ತುವಿನ ಬಗ್ಗೆ ಹೇಳುವ ಮಾತಲ್ಲ, ವರ್ಣನೆಯ ಬಗ್ಗೆ ಹೇಳುವ ಮಾತು. ಹಾಗಾಗಿ ಅದನ್ನು ವರ್ಣನೆಯ ಒಳಗೇ ತುರುಕಲು ಬರುವುದಿಲ್ಲ.

ಇಷ್ಟಕ್ಕೇ ಆನ್ಸೆಲ್ಮ್ ಸೋತರು ಎನ್ನುವುದು ಆತುರದ ಮಾತು. ಈ ವಾದ ಬರುವ ಅವರ ಪುಸ್ತಕದ ಮುಂದಿನ ಅಧ್ಯಾಯದಲ್ಲೇ ಬೇರೊಂದು ಹೊಳಹಿದೆ: ದೇವರು ಇಲ್ಲ ಎಂದು ಯೋಚಿಸಲೂ ಆಗದು. ಸುಮ್ನೆ ಇರುವುದು ಗುಣವಲ್ಲದಿದ್ದರೂ, ಇಲ್ಲದೇ ಹೋಗಲು ಸಾಧ್ಯವೇ ಇಲ್ಲದಂತೆ ಇರುವುದು ಗುಣವಾಗಬಹುದು ಎಂದು 1960ರಲ್ಲಿ ಅಮೆರಿಕದ ತತ್ವಜ್ಞಾನಿ ನಾರ್ಮನ್ ಮಾಲ್ಕಮ್ ವಾದಿಸಿದರು. ಇದಕ್ಕೆ ಕಾಂಟ್ ಉತ್ತರ ನೇರವಾಗಿ ತಾಗುವುದಿಲ್ಲ. ಆದರೆ ಇಲ್ಲದೇ ಹೋಗಲು ಸಾಧ್ಯವೇ ಇಲ್ಲದ್ದು ಒಂದೋ ಇದ್ದೇ ಇರಬೇಕು, ಇಲ್ಲವೇ ಅಸಾಧ್ಯವೇ ಆಗಿರಬೇಕು. ಹಾಗಾಗಿ ಈ ದಾರಿಯಲ್ಲಿ ಅಂಥ ದೇವರು ಸಾಧ್ಯ ಎಂದು ಒಪ್ಪಿಕೊಂಡರೆ ದೇವರಿದ್ದಾನೆ ಎಂದಾಗುತ್ತದೆ, ಅಂಥ ದೇವರು ಇಲ್ಲದಿರುವುದು ಸಾಧ್ಯ ಎಂದು ಒಪ್ಪಿಕೊಂಡರೆ ದೇವರಿಲ್ಲ ಎಂದಾಗುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಬೇಕು ಎಂಬುದನ್ನು ವ್ಯಾಖ್ಯೆ ಹೇಳುವುದಿಲ್ಲ.