ಕಾಡಿನ ಚಿತ್ರ ನೋಡಿ ಪ್ರದೇಶವನ್ನು ಗುರುತಿಸುವುದು: ಮಳೆಕಾಡು, ಒಣ ಎಲೆಯುದುರು ಕಾಡು, ಕಾಂಡ್ಲ ಕಾಡು

ಕಾಡಿನ ಚಿತ್ರವೊಂದು ಎದುರಿಗಿದ್ದಾಗ ಕಣ್ಣು ಮೊದಲು ಹಸಿರಿನ ಕಡೆಗೆ ಹೋಗುತ್ತದೆ. ಆದರೆ ಪ್ರದೇಶವನ್ನು ಗುರುತಿಸುವಲ್ಲಿ ಹಸಿರಿನಷ್ಟು ದಾರಿ ತಪ್ಪಿಸುವ ಗುರುತು ಮತ್ತೊಂದಿಲ್ಲ. ಆಗಸ್ಟ್ ತಿಂಗಳಲ್ಲಿ ತೆಗೆದ, ಒಣ ಎಲೆಯುದುರು ಕಾಡಿರುವ ಬಂಡೀಪುರದ ಚಿತ್ರವೂ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಚಿತ್ರವೂ ಮೇಲುನೋಟಕ್ಕೆ ಒಂದೇ ಬಗೆಯ ಹಸಿರಾಗಿ ಕಾಣಬಹುದು. ಆದ್ದರಿಂದ ಮೊದಲು ನೆಲವನ್ನು, ಆಮೇಲೆ ಬೇರು ಮತ್ತು ತೊಗಟೆಯನ್ನು, ಕೊನೆಗೆ ಎಲೆಯನ್ನು ನೋಡುವ ಕ್ರಮ ಹೆಚ್ಚು ಭರವಸೆಯದು.

ನೆಲದ ಮೇಲೆ ಹುಲ್ಲು ಬೆಳೆದಿದ್ದರೆ ಅಲ್ಲಿಗೆ ಬಿಸಿಲು ಇಳಿಯುತ್ತದೆ ಎಂದರ್ಥ. ಮೇಲಿನ ಚಪ್ಪರ ಮುಚ್ಚಿಕೊಂಡಿರುವ ಮಳೆಕಾಡಿನೊಳಗೆ ಹುಲ್ಲು ಬಹುಮಟ್ಟಿಗೆ ಇರುವುದಿಲ್ಲ. ಅಲ್ಲಿ ಕಾಣುವುದು ಒದ್ದೆಯಾದ ತರಗೆಲೆ, ನೆರಳಿನಲ್ಲಿ ಬೆಳೆಯುವ ಸಸಿಗಳು, ಬೆತ್ತದ ಪೊದೆಗಳು ಮತ್ತು ದೊಡ್ಡ ಮರಗಳ ಬುಡದಲ್ಲಿ ಚಾಚಿಕೊಂಡ ಹಲಗೆಬೇರುಗಳು. ಒಣ ಎಲೆಯುದುರು ಕಾಡಿನಲ್ಲಿ ಮರಗಳ ನಡುವೆ ತೆರಪಿರುತ್ತದೆ, ಹುಲ್ಲಿನ ನಡುವೆ ಹುತ್ತಗಳು ಕಾಣುತ್ತವೆ, ಕಾಂಡದ ಬುಡದಲ್ಲಿ ಬೇಸಿಗೆಯ ಬೆಂಕಿಯ ಕಪ್ಪು ಕಲೆ ಉಳಿದಿರುತ್ತದೆ. ಇಲ್ಲಿನ ಮತ್ತಿ ಮರದ ತೊಗಟೆ ಚೌಕಚೌಕವಾಗಿ ಆಳಕ್ಕೆ ಸೀಳಿರುವುದರಿಂದ ಮಳೆಗಾಲದ ಚಿತ್ರದಲ್ಲಿಯೂ ಸುಲಭವಾಗಿ ಗುರುತು ಸಿಗುತ್ತದೆ.

ಆದರೂ ಎಲೆಯುದುರು ಕಾಡು ಎಂದಷ್ಟೇ ತಿಳಿದರೆ ಪ್ರದೇಶ ಹೆಚ್ಚು ಕಿರಿದಾಗುವುದಿಲ್ಲ, ಏಕೆಂದರೆ ಅದು ಭಾರತದ ಬಹುಭಾಗದಲ್ಲಿ ಹರಡಿದೆ. ಮರ ಯಾವುದೆಂದು ತಿಳಿಯಬೇಕು. ಬೇಸಿಗೆಯ ಚಿತ್ರದಲ್ಲಿ ತೇಗ ಬೋಳಾಗಿ ನಿಂತಿರುತ್ತದೆ. ಸಾಲವೃಕ್ಷ ಪೂರ್ತಿಯಾಗಿ ಬೋಳಾಗುವುದು ಅಪರೂಪ. ಮಧ್ಯಪ್ರದೇಶದಲ್ಲಿಯೇ ಪೆಂಚ್ ಕಾಡು ತೇಗಕ್ಕೂ ಕಾನ್ಹಾ ಕಾಡು ಸಾಲವೃಕ್ಷಕ್ಕೂ ಹೆಸರಾಗಿವೆ. ಸಹಜವಾದ ಸಾಲದ ಕಾಡು ಕಂಡರೆ ಕರ್ನಾಟಕವನ್ನು ಪಟ್ಟಿಯಿಂದ ಕೈಬಿಡಬಹುದು. ತೇಗದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಒಂದೇ ದಪ್ಪದ ಮರಗಳು ಸಾಲಾಗಿ ನಿಂತಿದ್ದರೆ ಅದು ನೆಡುತೋಪು, ಮತ್ತು ತೇಗದ ನೆಡುತೋಪು ಹೆಚ್ಚು ಮಳೆಯ ಊರುಗಳಲ್ಲಿಯೂ ಇದೆ.

ಕರಾವಳಿಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಕಾಡನ್ನು ಗುರುತಿಸಲು ಎಲ್ಲರೂ ನೆಚ್ಚುವುದು ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗಿಳಿದ ಬೇರುಗಳನ್ನು. ಕಲಿಯುವವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಭಾರತದ್ದೆಂದು ಗೊತ್ತಿರುವ ಒಂದು ಚಿತ್ರವನ್ನು ಊಹಿಸಿಕೊಳ್ಳೋಣ: ಕಂದು ಬಣ್ಣದ ನಿಂತ ನೀರು, ಅದರೊಳಕ್ಕೆ ಇಳಿದ ಕಮಾನುಬೇರುಗಳು, ಪಕ್ಕದಲ್ಲಿ ನೆಲದಿಂದ ಮೇಲೆದ್ದು ಮತ್ತೆ ನೆಲಕ್ಕೇ ಮರಳಿದ ಮಂಡಿಬೇರುಗಳು. ಇದನ್ನು ಕಂಡ ಕೂಡಲೇ ಕರಾವಳಿ ಎಂದು ಬರೆಯುವ ಮೊದಲು ಬೇರಿನ ಮೈಯನ್ನು ನೋಡಬೇಕು. ಉಬ್ಬರವಿಳಿತಕ್ಕೆ ಸಿಕ್ಕುವ ಬೇರಿನ ಮೇಲೆ ಒಂದು ಮಟ್ಟದವರೆಗೆ ಕೆಸರಿನ ಪಟ್ಟೆಯಿರುತ್ತದೆ, ಹಲವು ಕಡೆ ಸಿಂಪಿಗಳೂ ಅಂಟಿಕೊಂಡಿರುತ್ತವೆ. ನಮ್ಮ ಚಿತ್ರದಲ್ಲಿ ಅವೆರಡೂ ಇಲ್ಲ. ಬದಲಿಗೆ ನೀರಿನ ಅಂಚಿನವರೆಗೂ ಹಸಿರು ಹಾವಸೆ ಬೆಳೆದಿದೆ, ಉಪ್ಪುನೀರು ಮುಟ್ಟುವ ಜಾಗದಲ್ಲಿ ಅದು ಹಾಗೆ ಬೆಳೆಯುವುದಿಲ್ಲ. ಕಾಂಡಗಳು ನೇರವಾಗಿ ಚಿತ್ರದ ಚೌಕಟ್ಟನ್ನು ದಾಟಿ ಮೇಲೆ ಹೋಗಿವೆ, ದಪ್ಪ ಬಳ್ಳಿಗಳು ತೂಗುತ್ತಿವೆ, ಆಕಾಶ ಎಲ್ಲಿಯೂ ಕಾಣದು, ಬಿದ್ದಿರುವ ಎಲೆಗಳು ಬಹಳ ಉದ್ದವಾಗಿವೆ. ಹಾಗಾದರೆ ಇದು ಕಾಂಡ್ಲವಲ್ಲ, ಮಳೆಕಾಡಿನ ಕಣಿವೆಯಲ್ಲಿರುವ ಸಿಹಿನೀರಿನ ಜೌಗು, ಉತ್ತರ ಕನ್ನಡದ ಜನ ರಾಮಪತ್ರೆ ಜಡ್ಡಿ ಎನ್ನುವಂಥದ್ದು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಕ್ಕದಿರುವುದು ಎರಡೂ ಕಡೆಯ ಕಷ್ಟ. ಆದ್ದರಿಂದಲೇ ಸಂಬಂಧವಿಲ್ಲದ ಎರಡು ಬಗೆಯ ಮರಗಳಲ್ಲಿ ಒಂದೇ ರೂಪದ ಬೇರು ಮೂಡಿದೆ. ಇಂಥ ಜಡ್ಡಿಗಳು ಪಶ್ಚಿಮ ಘಟ್ಟದಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಿಂದ ಸಿದ್ಧಾಪುರದ ಕತ್ತಲೆಕಾನನ್ನು ಹಾದು ಕೇರಳದ ಕುಳತ್ತೂಪುಳದವರೆಗೆ ಅಲ್ಲಲ್ಲಿ ಚೂರುಚೂರಾಗಿ ಉಳಿದಿವೆ. ಕರಾವಳಿ ಎಂದು ಬರೆದಿದ್ದರೆ ಗುಜರಾತಿನಿಂದ ಬಂಗಾಳದವರೆಗೆ ಹುಡುಕಬೇಕಾಗುತ್ತಿತ್ತು.

ಚಿತ್ರ ಯಾವ ದೇಶದ್ದೆಂದೇ ತಿಳಿಯದಿದ್ದರೆ ಈ ತೀರ್ಮಾನ ನಿಲ್ಲುವುದಿಲ್ಲ, ಏಕೆಂದರೆ ಸಿಹಿನೀರಿನ ಜೌಗುಗಳು ಬೇರೆ ಖಂಡಗಳಲ್ಲಿಯೂ ಇವೆ. ಆಗ ಮರದ ಕೊಂಬೆಗಳನ್ನು ನೋಡಬೇಕು. ಅನಾನಸ್ ಕುಟುಂಬಕ್ಕೆ ಸೇರಿದ, ಎಲೆಗಳನ್ನು ಬಟ್ಟಲಿನಾಕಾರದಲ್ಲಿ ಜೋಡಿಸಿಕೊಂಡ ಸಸ್ಯಗಳು ಕಾಡಿನ ಕೊಂಬೆಗಳ ಮೇಲೆ ತಾವಾಗಿ ಬೆಳೆದಿದ್ದರೆ ಅದು ಅಮೆರಿಕ ಖಂಡಗಳ ಕಾಡು.

ಸಿಂಪಿಯೂ ಕೆಸರಿನ ಪಟ್ಟೆಯೂ ನಿಜವಾಗಿಯೇ ಕಂಡರೆ ಮುಂದಿನ ಪ್ರಶ್ನೆ ಯಾವ ಕರಾವಳಿ ಎಂಬುದು. ಕುಮಟಾದ ಅಘನಾಶಿನಿ ಅಳಿವೆಯಂಥ ಕಡೆ ಕಾಂಡ್ಲದ ಹಿಂದೆ ತೆಂಗಿನ ತೋಟ, ಅದರಾಚೆ ಗುಡ್ಡಗಳ ಸಾಲು ಕಾಣುವುದು ಸಾಮಾನ್ಯ. ಸುಂದರಬನದಲ್ಲಿ ಗುಡ್ಡವೆಂಬುದೇ ಇಲ್ಲ. ಅಗಲವಾದ ಕೆಸರಿನ ದಂಡೆ, ಅದರಲ್ಲಿ ಮೊಳೆ ನೆಟ್ಟ ಹಾಗೆ ಮೇಲೆದ್ದ ಉಸಿರಾಟದ ಬೇರುಗಳು, ಹಿಂದೆ ಚಪ್ಪಟೆಯಾದ ಕಾಡಿನ ಗೆರೆ ಇರುತ್ತದೆ. ಹಿನ್ನೆಲೆ ಕಾಣದಂತೆ ಹತ್ತಿರದಿಂದ ತೆಗೆದ ಚಿತ್ರವಾದರೆ, ಕಾಂಡವೇ ಇಲ್ಲದಂತೆ ಕೆಸರಿನಿಂದ ನೇರವಾಗಿ ಗರಿ ಚಾಚುವ ನೀಪಾ ತಾಳೆಯನ್ನು ಹುಡುಕಬೇಕು. ಅದು ಸುಂದರಬನ ಮತ್ತು ಅಂಡಮಾನ್‌ಗಳಲ್ಲಿ ಸಹಜವಾಗಿ ಬೆಳೆಯುತ್ತದೆ, ನಮ್ಮ ಪಶ್ಚಿಮ ಕರಾವಳಿಯ ಕಾಂಡ್ಲ ಕಾಡುಗಳಲ್ಲಿ ಅಲ್ಲ.